ಎರಡು ರೈಲಿನ ಲೆಕ್ಕಕ್ಕೆ ಹಲಗೆ, ಮೊಳೆ, ದಾರ: ನನ್ನ ಅನುಭವ

ಎದುರುಬದುರು ಬರುವ ರೈಲಿನ ಲೆಕ್ಕದಲ್ಲಿ ಮಕ್ಕಳು ಎಲ್ಲಿ ಮುಗ್ಗರಿಸುತ್ತಾರೆ ಅಂತ ಟ್ಯೂಷನ್ ಮಾಡುವವರಿಗೆ ಹೇಳಬೇಕಿಲ್ಲ. ಎರಡೂ ಒಂದೇ ಹೊತ್ತಿಗೆ ಹೊರಟರೆ ದೂರವನ್ನು ವೇಗಗಳ ಮೊತ್ತದಿಂದ ಭಾಗಿಸಿ ಕೈ ತೊಳೆದುಕೊಳ್ಳುತ್ತಾರೆ. ಒಂದು ರೈಲು ತಡವಾಗಿ ಹೊರಟಿತು ಅಂದರೆ ಮಾತ್ರ ಕ್ಲಾಸು ಅಲ್ಲೇ ನಿಂತುಬಿಡುತ್ತದೆ. ಶಿವಮೊಗ್ಗದ ವಿನೋಬನಗರದಲ್ಲಿ ನಾನು ಈ ಒಂದು ಲೆಕ್ಕಕ್ಕೆ ಅಂತಲೇ ಮೊಳೆ ಹೊಡೆದ ಹಲಗೆ ಮಾಡಿದಾಗ ಜೊತೆಯ ಮೇಷ್ಟ್ರುಗಳು ನಕ್ಕಿದ್ದರು. "ಪರೀಕ್ಷೆಗೆ ಸುತ್ತಿಗೆನೂ ತಗೊಂಡು ಹೋಗ್ತಾರಾ ಮಕ್ಕಳು?" ಅಂದಿದ್ದರು. ಈಗ ಅವರಲ್ಲೇ ಕೆಲವರು ಹಲಗೆ ಕೊಡಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆದುಬಿಡೋಣ ಅಂತ ಕೂತೆ.

ಮೊದಲು ದುಡ್ಡು ಕಳೆದದ್ದು ಹೇಳುತ್ತೇನೆ. ಗಾಂಧಿ ಬಜಾರಿನಲ್ಲಿ ಬ್ಯಾಟರಿ ರೈಲು ಎರಡು ತಂದೆ. ಎರಡಕ್ಕೂ ಸೇರಿ ಎಂಟುನೂರರ ಹತ್ತಿರ ಆಯಿತು. ನೆಲದ ಮೇಲೆ ಚಾಕ್‌ಪೀಸಿನಲ್ಲಿ ಎರಡು ಗೆರೆ ಎಳೆದು ಎದುರುಬದುರು ಬಿಟ್ಟರೆ, ಬ್ಯಾಟರಿ ಇಳಿದ ಹಾಗೆ ವೇಗವೂ ಇಳಿಯಿತು. ನಮ್ಮ ಲೆಕ್ಕಕ್ಕೆ ಬೇಕಾದದ್ದೇ ಒಂದೇ ಸಮನಾದ ವೇಗ, ಅಲ್ವಾ? ಪ್ರತಿ ಸಲವೂ ಬೇರೆ ಬೇರೆ ಕಡೆ ಸಂಧಿಸುತ್ತಿದ್ದವು. ಮಕ್ಕಳಿಗೆ ಖುಷಿಯೋ ಖುಷಿ, ಲೆಕ್ಕ ಮಾತ್ರ ಬರಲಿಲ್ಲ. ಆಮೇಲೆ ಇಬ್ಬರು ಹುಡುಗರನ್ನು ಅಂಗಳದಲ್ಲಿ ನಡೆಸಿದೆ. ಎದುರಿನವನು ಹತ್ತಿರ ಬಂದ ಕೂಡಲೇ ಇಬ್ಬರೂ ಹೆಜ್ಜೆ ನಿಧಾನ ಮಾಡುತ್ತಾರೆ. ಅದನ್ನೂ ಬಿಟ್ಟೆ.

ಹಲಗೆಯ ಮೇಲೆ ನಾನು ಮೊದಲು ಹಾಕುವ ಲೆಕ್ಕ ಇದು. ಶಿವಮೊಗ್ಗ, ಬೆಂಗಳೂರು ನಡುವೆ 270 ಕಿಲೋಮೀಟರ್ ಅಂದುಕೊಳ್ಳಿ, ಅಕ್ಕಪಕ್ಕ ಎರಡು ಹಳಿ. ಶಿವಮೊಗ್ಗದ ರೈಲು ಬೆಳಿಗ್ಗೆ 6ಕ್ಕೆ ಹೊರಡುತ್ತದೆ, ಗಂಟೆಗೆ 60. ಬೆಂಗಳೂರಿನದು 7:30ಕ್ಕೆ, ಗಂಟೆಗೆ 75. ಯಾವಾಗ, ಎಲ್ಲಿ ಸಂಧಿಸುತ್ತವೆ?

ತಪ್ಪು ಉತ್ತರ ಹುಟ್ಟುವುದು ಒಂದೇ ಕಡೆ. 270ನ್ನು 135ರಿಂದ ಭಾಗಿಸಿ ಎರಡು ಗಂಟೆ ಅನ್ನುತ್ತಾರೆ. ಅದನ್ನು ಕೆಲವರು 6ಕ್ಕೆ ಸೇರಿಸಿ 8 ಗಂಟೆ ಅಂತ, ಕೆಲವರು 7:30ಕ್ಕೆ ಸೇರಿಸಿ 9:30 ಅಂತ ಬರೆಯುತ್ತಾರೆ. ಇವನ್ನು ಹಿಡಿಯುವುದು ಸುಲಭ. ಆ ಹೊತ್ತಿಗೆ ಎರಡೂ ಓಡಿದ ದೂರ ಕೂಡಿಸಿ ನೋಡಿದರೆ ಸಾಕು. 8 ಗಂಟೆಗೆ 120ಕ್ಕೆ 37.5 ಸೇರಿ 157.5 ಮಾತ್ರ, ಇನ್ನೂ ನೂರರ ಮೇಲೆ ಅಂತರ ಇದೆ. 9:30ಕ್ಕೆ 210ಕ್ಕೆ 150 ಸೇರಿ 360, ಅಂದರೆ ಒಂದನ್ನೊಂದು ದಾಟಿ ಎಷ್ಟೋ ಹೊತ್ತಾಗಿದೆ. ಮೊತ್ತ ಸರಿಯಾಗಿ 270 ಬರಬೇಕು.

ಹಲಗೆಗೆ ಬರುತ್ತೇನೆ. ಎರಡಡಿ ಚೌಕದ ಪ್ಲೈವುಡ್ ತುಂಡು, ಬಡಗಿ ಹತ್ತಿರ ಉಳಿದಿದ್ದು, ನೂರೈವತ್ತೋ ಏನೋ ತೆಗೆದುಕೊಂಡ. ಮೊಳೆ, ಕೆಂಪು ದಾರ, ನೀಲಿ ದಾರ ಎಲ್ಲ ಸೇರಿ ಮುನ್ನೂರರ ಒಳಗೆ ಮುಗಿಯಿತು. ಅಡ್ಡಕ್ಕೆ ಹೊತ್ತು, ಮೇಲಕ್ಕೆ ದೂರ. ಒಂದು ಸೆಂಟಿಮೀಟರಿಗೆ ಅಡ್ಡಕ್ಕೆ 6 ನಿಮಿಷ, ಮೇಲಕ್ಕೆ 6 ಕಿಲೋಮೀಟರ್. ಕೆಳಗಡೆ ಶಿವಮೊಗ್ಗ, ಅಲ್ಲಿಂದ 45 ಸೆಂಟಿಮೀಟರ್ ಮೇಲೆ ಬೆಂಗಳೂರು. ಕೆಂಪು ದಾರ 6 ಗಂಟೆಯ ಮೂಲೆಯಿಂದ ಹೊರಟು ಮೇಲೆ 10:30ರ ಮೊಳೆಗೆ ಮುಟ್ಟುತ್ತದೆ. ನೀಲಿ ದಾರ ಮೇಲೆ 7:30ರ ಮೊಳೆಯಿಂದ ಕೆಳಗೆ 11:06ಕ್ಕೆ ಇಳಿಯುತ್ತದೆ. ದಾರಗಳು ದಾಟುವ ಜಾಗದಲ್ಲಿ ಸ್ಕೇಲ್ ಇಟ್ಟರೆ ಎಡಗಡೆಯಿಂದಲೂ ಕೆಳಗಡೆಯಿಂದಲೂ 28.3 ಸೆಂಟಿಮೀಟರಿನ ಹತ್ತಿರ. ಅಂದರೆ ಸುಮಾರು 8:50, ಶಿವಮೊಗ್ಗದಿಂದ 170 ಕಿಲೋಮೀಟರ್. ಹೂ ಕಟ್ಟುವ ದಪ್ಪ ದಾರ ಹಾಕಬೇಡಿ, ಎರಡು ನಿಮಿಷ ಆಚೀಚೆ ಆಗುತ್ತದೆ. ಹೊಲಿಗೆ ದಾರವೇ ಸರಿ.

ಇಷ್ಟಾದರೂ ಮೊದಲ ವಾರ ಹಲಗೆ ಫೇಲಾಯಿತು. ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗಿ ಕೇಳಿದಳು: "ಸರ್, ಕೆಂಪು ರೈಲು ಘಾಟಿ ಹತ್ತುತ್ತಾ ಇದೆಯಾ?" ಸುಮ್ನೆ ಕೇಳಿದ್ದಲ್ಲ. ಅವಳಿಗೆ ದಾರವೇ ಹಳಿಯಾಗಿ ಕಂಡಿತ್ತು. ದಾರಗಳು ಅಡ್ಡ ದಾಟಿದರೆ ರೈಲುಗಳು ಡಿಕ್ಕಿ ಹೊಡೆದವು ಅಂತಲೇ ಅರ್ಧ ಕ್ಲಾಸು ನಂಬಿತ್ತು. ಅಕ್ಕಪಕ್ಕದ ಹಳಿ ಅಂತ ಎಷ್ಟು ಹೇಳಿದರೂ ಕಣ್ಣಿಗೆ ಕಾಣುವುದು ಡಿಕ್ಕಿಯೇ.

ಅದಕ್ಕೆ ಮದ್ದು ಒಂದು ರಟ್ಟು. ಹಲಗೆಗಿಂತ ಅಗಲವಾದ ರಟ್ಟಿನಲ್ಲಿ ಮೇಲಿಂದ ಕೆಳಗೆ ಒಂದು ತೆಳು ಸೀಳು ಕೊಯ್ದು ಹಲಗೆಯ ಮೇಲಿಟ್ಟು ಮೆಲ್ಲಗೆ ಬಲಕ್ಕೆ ಸರಿಸುತ್ತೇನೆ. ಸೀಳಿನಲ್ಲಿ ದಾರ ಕಾಣುವುದಿಲ್ಲ, ಬರೀ ಚುಕ್ಕಿ ಕಾಣುತ್ತದೆ. 6ರಿಂದ 7:30ರ ತನಕ ಕೆಂಪು ಚುಕ್ಕಿ ಒಂದೇ ಮೇಲೆ ಹೋಗುತ್ತದೆ. ಆಮೇಲೆ ಬೆಂಗಳೂರಿನಲ್ಲಿ ನೀಲಿ ಚುಕ್ಕಿ ಮೂಡಿ ಕೆಳಗೆ ಬರುತ್ತದೆ. ಈಗ ಹಳಿ ಅಂದರೆ ಆ ಸೀಳು, ರೈಲು ಅಂದರೆ ಚುಕ್ಕಿ. ನೀಲಿ ಚುಕ್ಕಿ ಮೂಡಿದ ಕ್ಷಣ ರಟ್ಟು ನಿಲ್ಲಿಸಿ, "ಈಗ ಮಧ್ಯೆ ಎಷ್ಟಿದೆ?" ಅಂತ ಕೇಳುತ್ತೇನೆ. ಕೆಂಪು 90 ಹೋಗಿದೆ, ಉಳಿದದ್ದು 180. ಅದನ್ನು ಇಬ್ಬರೂ ಸೇರಿ ಗಂಟೆಗೆ 135ರಂತೆ ತಿನ್ನುತ್ತಾರೆ, ಒಂದು ಗಂಟೆ 20 ನಿಮಿಷ. 7:30ಕ್ಕೆ ಸೇರಿಸಿದರೆ 8:50. ಬೆಂಗಳೂರಿನದು ಅಷ್ಟರಲ್ಲಿ 100 ಓಡಿದೆ, 170ಕ್ಕೆ 100 ಸೇರಿ 270. ವೇಗ ಕೂಡಿಸುವುದು ಎರಡೂ ಚುಕ್ಕಿ ಓಡುತ್ತಿರುವಾಗ ಮಾತ್ರ ಅನ್ನುವುದನ್ನು ಆಮೇಲೆ ನಾನು ಹೇಳಬೇಕಾಗಲಿಲ್ಲ.

ಎರಡು ಮೂರು ವಾರ ಹಲಗೆ, ಆಮೇಲೆ ಬರೀ ನೋಟ್‌ಬುಕ್ಕು. ಇಪ್ಪತ್ತರ ಬ್ಯಾಚಿನಲ್ಲಿ ಮೊದಲು ಐದಾರು ಜನಕ್ಕೆ ಬರುತ್ತಿದ್ದದ್ದು ಈಗ ಹದಿನೈದರ ಮೇಲೆ. ಉತ್ತರ ಅಚ್ಚುಕಟ್ಟಾಗಿ ಬರುವ ಹಾಗೆ ಸಂಖ್ಯೆ ಹೊಂದಿಸಲು ನನ್ನದೇ ಒಂದು ದಾರಿ ಇದೆ, ಅದು ಹಲಗೆ ಎರವಲು ಪಡೆದವರಿಗೂ ಹೇಳಿಲ್ಲ.

ಹಲಗೆ ಇದ್ದ ಮೇಲೆ ಕೈ ಸುಮ್ಮನಿರಲಿಲ್ಲ. ನಮ್ಮ ಶಿವಮೊಗ್ಗ–ತಾಳಗುಪ್ಪ ಲೈನು ಸಿಂಗಲ್. ಕುಂಸಿ, ಅರಸಾಳು, ಆನಂದಪುರ, ಸಾಗರಕ್ಕೆ ಒಂದೊಂದು ಅಡ್ಡಗೆರೆ ಎಳೆದು, ಎದುರುಬದುರು ಎರಡು ದಾರ ಕಟ್ಟಿದೆ. ಅವು ಎರಡು ಸ್ಟೇಷನ್ ನಡುವೆ ದಾಟಿದವು. ಸಿಂಗಲ್ ಲೈನಿನಲ್ಲಿ ಅದು ನಿಜವಾಗಿಯೂ ಡಿಕ್ಕಿ! ಒಂದು ದಾರವನ್ನು ಸ್ಟೇಷನ್ ಗೆರೆಯ ಮೇಲೆ ಅಡ್ಡ ಮಲಗಿಸಬೇಕು, ಅಂದರೆ ಆ ರೈಲು ಅಲ್ಲಿ ಕ್ರಾಸಿಂಗಿಗೆ ಕಾಯುತ್ತದೆ. ರೈಲ್ವೆಯಿಂದ ನಿವೃತ್ತರಾದ ಒಬ್ಬರು ಇದನ್ನು ನೋಡಿ, "ಇದು ನಮ್ಮ ಕಂಟ್ರೋಲ್ ಚಾರ್ಟೇ ಕಣ್ರೀ" ಅಂದರು. ಪ್ಯಾರಿಸ್–ಲಿಯಾನ್ ರೈಲುಗಳ ಇಂಥದೇ ಚಾರ್ಟನ್ನು ಫ್ರಾನ್ಸಿನ ವಿಜ್ಞಾನಿ ಮಾರೇ 1878ರಲ್ಲೇ ಪ್ರಕಟಿಸಿದ್ದರು. ನಕ್ಕ ಮೇಷ್ಟ್ರುಗಳಿಗೆ ಇದನ್ನು ಒತ್ತಿ ಹೇಳಿದೆ.

"ರೈಲಿಗೆ ಉದ್ದ ಇಲ್ವಾ ಸರ್?" ಅನ್ನುವ ಹುಡುಗ ಪ್ರತಿ ಬ್ಯಾಚಿನಲ್ಲೂ ಇರುತ್ತಾನೆ. ಅರ್ಧರ್ಧ ಕಿಲೋಮೀಟರ್ ಉದ್ದ ಅಂತಿಟ್ಟುಕೊಂಡರೂ ಎಂಜಿನ್ ಎಂಜಿನ್ ಎದುರಾದಲ್ಲಿಂದ ಕೊನೆಯ ಡಬ್ಬಿಗಳು ದಾಟುವ ತನಕ 27 ಸೆಕೆಂಡು ಸಾಕು. ಹಲಗೆಯ ಮೇಲೆ ಅದು ಒಂದು ಮಿಲಿಮೀಟರೂ ಇಲ್ಲ.

ಸೂತ್ರದವರನ್ನು ಸಿಕ್ಕಿಸಲು ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ಬೆಂಗಳೂರಿನ ರೈಲನ್ನು 11 ಗಂಟೆಗೆ ಹೊರಡಿಸಿ. ಐದು ಗಂಟೆಗೆ 60ರಂತೆ 300, 270ರಿಂದ ಕಳೆದರೆ ಮೈನಸ್ 30. ಮೈನಸ್ಸನ್ನು ನುಂಗಿ 135ರಿಂದ ಭಾಗಿಸಿದವರು 11 ಗಂಟೆ 13 ನಿಮಿಷಕ್ಕೆ ಸಂಧಿಸುತ್ತವೆ ಅಂತ ಬರೆಯುತ್ತಾರೆ. ಹಲಗೆಯಲ್ಲಿ ಕೆಂಪು ದಾರ 10:30ಕ್ಕೇ ಮುಗಿದಿದೆ, ನೀಲಿಗೆ ದಾಟಲು ಏನೂ ಇಲ್ಲ. ಮೊನ್ನೆ ಒಬ್ಬ ಮೇಷ್ಟ್ರೇ 13 ನಿಮಿಷ ಅಂತ ಬರೆದುಕೊಟ್ಟರು.