ವಿಡಿಯೊ ಕರೆಯಲ್ಲಿ ಕಾಣುವ ಬಣ್ಣ ನಿಮ್ಮದೇ ಎಂದು ಪರೀಕ್ಷಿಸುವ ಬಗೆ

ವಾರಕ್ಕೆ ಮೂರು ಸಂದರ್ಶನಗಳನ್ನು ಫೋನಿನಲ್ಲೇ ಮುಗಿಸುತ್ತಿದ್ದ ನನ್ನ ಅಕ್ಕನ ಮಗಳು, ಕರೆ ಮುಗಿದ ಮೇಲೆ ಕನ್ನಡಿ ನೋಡಿಕೊಂಡು, "ಚಿಕ್ಕಮ್ಮ, ನಾನು ಇತ್ತೀಚೆಗೆ ಕಪ್ಪಾಗಿದ್ದೇನೆಯೇ?" ಎಂದು ಕೇಳತೊಡಗಿದಳು. ಅವಳ ಬಣ್ಣ ಬದಲಾಗಿರಲಿಲ್ಲ. ದಿನಕ್ಕೆ ಗಂಟೆಗಟ್ಟಲೆ ಪರದೆಯ ಮೂಲೆಯಲ್ಲಿ ನೋಡುತ್ತಿದ್ದ ತಿಳಿಯಾದ ಮುಖವೇ ಅವಳಿಗೆ ಅಳತೆಗೋಲಾಗಿಬಿಟ್ಟಿತ್ತು.

ಕರೆಯ ಕ್ಯಾಮೆರಾ ತೆರೆದು ಕಿಟಕಿಯ ಎದುರು ಕುಳಿತು, ಕೆನ್ನೆಯ ಪಕ್ಕಕ್ಕೆ ಬಿಳಿ ಹಾಳೆಯನ್ನೂ ಮುಂಗೈಯನ್ನೂ ಹಿಡಿಯಿರಿ. ಪರದೆಯಲ್ಲಿ ಹಾಳೆ, ಕೈ, ಮುಖ ಮೂರೂ ಒಟ್ಟಿಗೆ ಬೆಳಗಿದ್ದರೆ ಅದು ಬಹುಮಟ್ಟಿಗೆ ಕ್ಯಾಮೆರಾದ ಎಕ್ಸ್‌ಪೋಷರ್ ಕೆಲಸ: ಅದು ದೃಶ್ಯವನ್ನು ಮಧ್ಯಮ ಹೊಳಪಿಗೆ ತರಲು ಹವಣಿಸುವುದರಿಂದ, ಕಪ್ಪು ಮೈಬಣ್ಣವನ್ನು ಬೆಳಕಿನ ಕೊರತೆಯೆಂದೇ ಭಾವಿಸಿ ಎತ್ತಿಬಿಡುತ್ತದೆ. ಆಗ ಪರದೆಯಲ್ಲಿ ಮುಖವನ್ನು ಒತ್ತಿ, ಹೊಳಪಿನ ಗೆರೆ ಕಾಣಿಸಿದರೆ ಕೆಳಗೆ ಎಳೆಯಿರಿ. ಕೈ, ಕತ್ತು ಹಾಗೆಯೇ ಇದ್ದು ಮುಖ ಮಾತ್ರ ಬಿಳಿಚಿಕೊಂಡು, ಮಚ್ಚೆಯ ಅಂಚು ಕರಗಿದ್ದರೆ ಅದು ಬ್ಯೂಟಿ ಫಿಲ್ಟರ್. ಅಂಗೈಯಿಂದ ಮೂಗು, ಬಾಯಿ ಮುಚ್ಚಿದಾಗ ಫಿಲ್ಟರಿಗೆ ಮುಖದ ಗುರುತು ತಪ್ಪಿ, ಹಣೆಯ ನಿಜವಾದ ಬಣ್ಣ ಒಮ್ಮೆಲೇ ಹೊರಬೀಳುವುದೂ ಉಂಟು.

ಝೂಮ್‌ನ ವಿಡಿಯೊ ಸೆಟ್ಟಿಂಗ್‌ನಲ್ಲಿ `Touch up my appearance` ಮತ್ತು `Adjust for low light` ಎರಡನ್ನೂ ನೋಡಿ. ಮೊದಲನೆಯದು ಚರ್ಮವನ್ನು ನಯಗೊಳಿಸುತ್ತದೆ, ಹೊಳಪು ಏರಿಸುವುದು ಎರಡನೆಯದು. ಅವೆರಡನ್ನೂ ಆಫ್ ಮಾಡಿದ ಮೇಲೂ ಮುಖ ತಿಳಿಯಾಗಿಯೇ ಇದ್ದರೆ ಫೋನಿನ ಸೆಲ್ಫಿ ಕ್ಯಾಮೆರಾದ ಬ್ಯೂಟಿ ಆಯ್ಕೆಯನ್ನು ಹುಡುಕಬೇಕು. ಕೆಲವು ಫೋನ್‌ಗಳಲ್ಲಿ ಇದನ್ನು ಪೂರ್ತಿ ತೆಗೆಯಲು ಬರುವುದಿಲ್ಲ. ಅಂಥ ಫೋನಿನಲ್ಲಿ ನಿಮ್ಮ ಮುಖ ನಿಮಗೇ ಕಾಣದಂತೆ `Hide Self View` ಒತ್ತಿ ಮಾತಾಡುವುದು ಮೇಲು; ಅಕ್ಕನ ಮಗಳು ಈಗ ಹಾಗೆಯೇ ಮಾಡುತ್ತಾಳೆ.