ಬಣ್ಣ ತೆಗೆದ ಮೇಲೆ ಚಿತ್ರದಲ್ಲಿ ಉಳಿಯುವುದೇನು?

ಕಪ್ಪು-ಬಿಳುಪಿಗೆ ಬದಲಿಸುವ ಮುನ್ನ ನಾನು ಬಣ್ಣದ ಫೋಟೊವನ್ನೇ ನೋಡುತ್ತಾ ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇದು ಕೆಟ್ಟಿರುವುದು ಎಲ್ಲಿ? ಬಣ್ಣದಲ್ಲೇ ಕೆಟ್ಟಿದ್ದರೆ ಬಣ್ಣ ತೆಗೆದಾಗ ಸರಿಹೋಗುತ್ತದೆ. ಬೆಳಕು ಸಪ್ಪೆಯಾಗಿದ್ದರೆ ಅಥವಾ ಫೋಕಸ್ ಕಣ್ಣು ಬಿಟ್ಟು ಕಿವಿಯ ಮೇಲೆ ಕೂತಿದ್ದರೆ ಆ ದೋಷ ಎಲ್ಲೂ ಹೋಗುವುದಿಲ್ಲ.

ನಿಜಕ್ಕೂ ಉಪಯೋಗವಾಗುವುದು ಮಿಶ್ರ ಬೆಳಕಿನ ಮುಖಚಿತ್ರಗಳಲ್ಲಿ. ಒಂದು ಕೆನ್ನೆಗೆ ಕಿಟಕಿಯ ಹಗಲು, ಇನ್ನೊಂದಕ್ಕೆ ಹಳದಿ ಬಲ್ಬು. ವೈಟ್ ಬ್ಯಾಲೆನ್ಸನ್ನು 5500Kಗೆ ಇಟ್ಟರೆ ಬಲ್ಬಿನ ಕಡೆ ಕಿತ್ತಳೆ, 3000Kಗೆ ಇಟ್ಟರೆ ಕಿಟಕಿಯ ಕಡೆ ನೀಲಿ. ಎರಡೂ ಒಟ್ಟಿಗೆ ಸರಿಯಾಗುವುದೇ ಇಲ್ಲ. ಆದರೆ ಬೆಳಕಿನ ದಿಕ್ಕು ಚೆನ್ನಾಗಿದೆ, ನೋಟ ಚೆನ್ನಾಗಿದೆ. ಇಂಥದ್ದನ್ನು ಕಪ್ಪು-ಬಿಳುಪಿಗೆ ಬದಲಿಸಲು ನಾನು ಹಿಂಜರಿಯುವುದಿಲ್ಲ.

ರಾ ಫೈಲಿನಲ್ಲಿ ಮೊದಲು ಕಪ್ಪು-ಬಿಳುಪು ಮಾಡಿ, ಆಮೇಲೆ ಲೈಟ್‌ರೂಮಿನ Temp ಸ್ಲೈಡರನ್ನು ನಿಧಾನವಾಗಿ ಎಳೆಯುತ್ತೇನೆ. ಬಣ್ಣ ಕಾಣದಿದ್ದರೂ ಒಳಗೆ ಅದು ಇದ್ದೇ ಇರುತ್ತದೆ, ಹಾಗಾಗಿ ಬೂದುಛಾಯೆಗಳು ಬದಲಾಗುತ್ತವೆ. 4000Kಯ ಆಸುಪಾಸಿನಲ್ಲಿ ಕಿಟಕಿಯ ಕೆನ್ನೆಯ ಬಣ್ಣ ತೆಳುವಾಗಿ, ಬಲ್ಬಿನ ಕೆನ್ನೆ ಮಾತ್ರ ಗಾಢ ಕಿತ್ತಳೆಯಾಗಿ ಉಳಿಯುತ್ತದೆ. ಈಗ Orange ಸ್ಲೈಡರನ್ನು −15ರಷ್ಟು ಇಳಿಸಿದರೆ ಬಲ್ಬಿನ ಕಡೆ ಹೆಚ್ಚು ಕಪ್ಪಾಗುತ್ತದೆ, ಕಿಟಕಿಯ ಕಡೆ ಹೆಚ್ಚೇನೂ ಅಲುಗುವುದಿಲ್ಲ. ಮಾಸ್ಕ್ ಹಾಕದೆಯೇ ಎರಡು ಬೆಳಕುಗಳ ತೂಕ ಹೊಂದಿಸಿದಂತಾಯಿತು. ಇನ್ನೂ ಕೆಳಗೆಳೆದರೆ ಚರ್ಮದ ಕಲೆಗಳು ಎದ್ದು ಕಾಣುತ್ತವೆ. Blue ಸ್ಲೈಡರಿಗೆ ಕೈ ಹಾಕಿದರೆ ನೆರಳಿನಲ್ಲಿ ಕಾಳುಕಾಳು ನಾಯ್ಸ್ ಬರುತ್ತದೆ, ಮಂದ ಹಳದಿ ಬೆಳಕಿನಲ್ಲಿ ನೀಲಿ ಚಾನೆಲ್‌ಗೆ ಸಿಕ್ಕ ಬೆಳಕೇ ಕಡಿಮೆ.

ದೋಷವನ್ನು ಮುಚ್ಚಿಡುವ ಕೆಲಸ ಶುರುವಾಗುವುದು ಇದರ ನಂತರ. ಚಿತ್ರ ಇನ್ನೂ ಸಪ್ಪೆ ಅನ್ನಿಸಿ Contrast +60, Clarity +50, ಅಂಚುಗಳಿಗೆ ಕಪ್ಪು, ಮೇಲೊಂದಿಷ್ಟು ಗ್ರೇನ್ ಅಂತ ಸೇರಿಸತೊಡಗಿದರೆ ನಾನು ಕೈ ತಡೆಯುತ್ತೇನೆ. ಅವೆಲ್ಲವನ್ನೂ ಸೊನ್ನೆಗೆ ತಂದು ಚಿತ್ರವನ್ನು ಅಂಚೆಚೀಟಿಯಷ್ಟು ಚಿಕ್ಕದಾಗಿ ನೋಡುತ್ತೇನೆ. ಮುಖ ಹಿನ್ನೆಲೆಯಿಂದ ಬೇರೆಯಾಗಿ ಕಂಡರೆ ಮುಂದುವರಿಸಬಹುದು. ಎರಡೂ ಒಂದೇ ಬೂದಿನಲ್ಲಿ ಕರಗಿ ಹೋದರೆ, ಬಣ್ಣದ ಚಿತ್ರದಲ್ಲಿ ಅವನ್ನು ಬೇರ್ಪಡಿಸಿದ್ದು ಬಣ್ಣವೇ. ಹಸಿರು ಗಿಡದ ಮುಂದೆ ಕೆಂಪಂಗಿಯವರು ನಿಂತಾಗ ಆಗುವುದು ಇದೇ. ಸ್ಲೈಡರಿನಿಂದ ಕೆಂಪನ್ನು ಮೇಲೆತ್ತಬಹುದು, ಆದರೆ ತುಟಿ, ಕೆನ್ನೆಯೂ ಜೊತೆಗೇ ಬೆಳ್ಳಗಾಗುತ್ತವೆ. ಆ ಚಿತ್ರ ಬಣ್ಣದಲ್ಲಿರುವುದೇ ವಾಸಿ.

ಹಿನ್ನೆಲೆಯ ಹಳದಿ ಚೀಲ ಕಣ್ಣು ಸೆಳೆಯುತ್ತದೆಂದು ಬಣ್ಣ ತೆಗೆಯುವವರೂ ಇದ್ದಾರೆ. ಹಳದಿ ಹೆಚ್ಚುಕಡಿಮೆ ಬಿಳಿಯಾಗಿಯೇ ಬದಲಾಗುವುದರಿಂದ ಕಣ್ಣು ಮತ್ತೆ ಅಲ್ಲಿಗೇ ಹೋಗುತ್ತದೆ. ಅದಕ್ಕೆ ಕ್ರಾಪ್ ಮಾಡುವುದೇ ಸರಿ.