ಬಿಲ್ಲಿನಲ್ಲಿ ಮೂರು ಲೆಕ್ಕ: ಗಂಟೆ, ಖರ್ಚು, ಮುಂಗಡ

ವಕೀಲರ ಬಿಲ್ ನೋಡಿ ಕಕ್ಷಿದಾರ ಮುಖ ಸಿಂಡರಿಸುವುದು ಸಾಮಾನ್ಯವಾಗಿ ಮೊತ್ತಕ್ಕಲ್ಲ. ಯಾವುದಕ್ಕೆ ಎಷ್ಟು ಎಂದು ಗೊತ್ತಾಗದಿದ್ದಕ್ಕೆ. ನಾನು ಸ್ವಂತ ಆಫೀಸು ತೆರೆದ ಹೊಸದರಲ್ಲಿ ‘ಕೇಸಿನ ಕೆಲಸ ಮತ್ತು ಇತರೆ ಖರ್ಚು’ ಎಂದು ಒಂದೇ ಸಾಲಿನ ಬಿಲ್ ಕಳಿಸಿದ್ದೆ. ಕಂಪನಿಯೊಂದರ ಅಕೌಂಟ್ಸ್ ವಿಭಾಗ ಅದನ್ನು ಹಾಗೇ ವಾಪಸ್ ಕಳಿಸಿತು. ತಪ್ಪು ನನ್ನದೇ.

ಒಂದು ಉದಾಹರಣೆ ಹಿಡಿದು ನೋಡೋಣ. ಪೀಣ್ಯದ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಸರಕು ಕೊಟ್ಟಿದೆ, ಗಿರಾಕಿಯಿಂದ 8 ಲಕ್ಷ ಬರಬೇಕು. ವಸೂಲಿಗೆ ವಕೀಲರನ್ನು ಹಿಡಿದಿದೆ. ಫೀಸು ಗಂಟೆಗೆ 4,000 ರೂಪಾಯಿ.

ಮುಂಗಡ ಯಾವುದರ ಬಾಬ್ತು?

‘ರಿಟೈನರ್’ ಎಂಬ ಒಂದೇ ಪದವನ್ನು ನಾವು ಎರಡು ಅರ್ಥದಲ್ಲಿ ಬಳಸುತ್ತೇವೆ, ಜಗಳ ಅಲ್ಲಿಂದಲೇ ಶುರು. ಒಂದು, ಕರೆದಾಗ ಸಿಗುತ್ತೇನೆ ಎಂಬುದಕ್ಕೆ ತಿಂಗಳಿಗಿಷ್ಟು ಎಂದು ಕೊಡುವ ಹಣ. ಕೆಲಸ ಇರಲಿ ಬಿಡಲಿ, ಅದು ವಕೀಲರದ್ದು. ಇನ್ನೊಂದು, ಮುಂದೆ ಮಾಡುವ ಕೆಲಸಕ್ಕೆ ಈಗಲೇ ಇಟ್ಟ ಮುಂಗಡ. ಕೆಲಸ ಆದಷ್ಟೇ ಅದರಿಂದ ಕಳೆಯಬೇಕು, ಉಳಿದದ್ದು ಕಕ್ಷಿದಾರರದ್ದು. ಯಾವುದು ಎಂದು ಕೆಲಸ ಒಪ್ಪಿಕೊಳ್ಳುವ ಪತ್ರದಲ್ಲೇ ಬರೆಯಿರಿ.

ನಮ್ಮ ಉದಾಹರಣೆಯಲ್ಲಿ ಎರಡನೆಯದು. ಫೀಸಿನ ಬಾಬ್ತು 60,000, ಖರ್ಚಿನ ಬಾಬ್ತು 20,000. ಎರಡಕ್ಕೂ ಬೇರೆ ಬೇರೆ ರಸೀದಿ. ಇದು ಸುಮ್ನೆ ಶಿಸ್ತಿಗಾಗಿ ಅಲ್ಲ. ಬಂದ ಹಣ ಫೀಸಿಗೋ ಖರ್ಚಿಗೋ ಎಂದು ಲೆಕ್ಕದಲ್ಲಿ ನಮೂದಿಸಬೇಕು ಎಂದು ಬಾರ್ ಕೌನ್ಸಿಲ್ ಆಫ್ ಇಂಡಿಯಾದ ನಿಯಮವೇ ಹೇಳುತ್ತದೆ.

ಇಲ್ಲೊಂದು ಎಡವಟ್ಟಾಗುತ್ತದೆ. ಕಂಪನಿಯವರು ಫೀಸಿನ ಮುಂಗಡದಿಂದ ಶೇ 10 ಟಿಡಿಎಸ್ ಹಿಡಿದುಕೊಳ್ಳುತ್ತಾರೆ. ಬ್ಯಾಂಕಿಗೆ ಬರುವುದು 54,000. ಅದನ್ನೇ ಮುಂಗಡ ಎಂದು ಬರೆದುಕೊಂಡರೆ ಕಕ್ಷಿದಾರರಿಗೆ 6,000 ಮೋಸ ಮಾಡಿದಂತೆ. ಆ 6,000 ನಿಮ್ಮ ಪ್ಯಾನ್‌ಗೆ ಜಮಾ ಆಗುವ ತೆರಿಗೆ, ಅಂದರೆ ನಿಮಗೆ ಬಂದ ಹಣವೇ. ಲೆಕ್ಕದಲ್ಲಿ 60,000 ಎಂದೇ ಬರೆಯಿರಿ.

ಗಂಟೆ ಬರೆಯುವುದು ಅವತ್ತೇ

ಒಂದು ಗಂಟೆಯನ್ನು ಹತ್ತು ಭಾಗ ಮಾಡಿ. ಒಂದು ಭಾಗಕ್ಕೆ ಆರು ನಿಮಿಷ, ಬರೆಯುವುದು 0.1. ಮೂರು ನಿಮಿಷದ ಫೋನ್ ಕರೆಯೂ 0.1 ಆಗುತ್ತದೆಯೇ ಎಂಬುದನ್ನು ಮೊದಲೇ ಹೇಳಿಬಿಡಿ. ನಾನಂತೂ ಅಂಥ ಚಿಕ್ಕ ಕರೆಗಳನ್ನು ಬಿಟ್ಟುಬಿಡುತ್ತೇನೆ.

ತಿಂಗಳ ಕೊನೆಗೆ ಕೂತು ನೆನಪಿಸಿಕೊಂಡು ಬರೆದರೆ ಎರಡು ನಷ್ಟ. ಚಿಕ್ಕ ಕೆಲಸಗಳು ಮರೆತುಹೋಗುತ್ತವೆ, ದೊಡ್ಡವು ಅಂದಾಜಿನ ಮೇಲೆ ಉಬ್ಬುತ್ತವೆ. ಎಲ್ಲವೂ 2 ಗಂಟೆ, 3 ಗಂಟೆ ಎಂದು ದುಂಡಗಿರುವ ಬಿಲ್ ಕಂಡರೆ ಆಮೇಲೆ ಬರೆದದ್ದು ಎಂದು ಯಾರಿಗಾದರೂ ಗೊತ್ತಾಗುತ್ತದೆ. ನಮ್ಮ ಜುಲೈ ಪುಟ ಹೀಗಿದೆ:

ಜುಲೈ 3: ನಿರ್ದೇಶಕರ ಜತೆ ಭೇಟಿ, ಪರ್ಚೇಸ್ ಆರ್ಡರ್ ಮತ್ತು ಲೆಡ್ಜರ್ ಓದಿದ್ದು – 1.5
ಜುಲೈ 5: ಲೀಗಲ್ ನೋಟಿಸಿನ ಕರಡು – 2.2
ಜುಲೈ 6: ಕರಡಿನಲ್ಲಿ ಮೊತ್ತ ತಿದ್ದಿದ್ದು – 0.4 (ಫೀಸು ಇಲ್ಲ)
ಜುಲೈ 18: ಎದುರು ಕಡೆಯ ಉತ್ತರ ಓದಿ ಫೋನಿನಲ್ಲಿ ಚರ್ಚೆ – 0.7
ಜುಲೈ 22: ಮಧ್ಯಸ್ಥಿಕೆ ಅರ್ಜಿ ಮತ್ತು ದಾಖಲೆ ಸಿದ್ಧತೆ – 1.6

ಜುಲೈ 6ರ ಸಾಲು ಗಮನಿಸಿ. ಮೊತ್ತ ತಪ್ಪು ಹಾಕಿದ್ದು ವಕೀಲರೇ, ಹಾಗಾಗಿ ದುಡ್ಡು ಕೇಳಿಲ್ಲ. ಆದರೂ ಸಾಲನ್ನು ಅಳಿಸಿಲ್ಲ. ಬಿಟ್ಟುಕೊಟ್ಟದ್ದು ಕಾಣಿಸಿದರೆ ಉಳಿದ ಸಾಲುಗಳ ಮೇಲೂ ನಂಬಿಕೆ ಬರುತ್ತದೆ. ಫೀಸು ಹಾಕಿದ್ದು 6 ಗಂಟೆಗೆ, ಒಟ್ಟು 24,000.

ವಿವರ ಬೇಕು ಅಂತ ಎಲ್ಲವನ್ನೂ ಬರೆಯಬೇಡಿ. ಬಿಲ್ ನಿರ್ದೇಶಕರ ಕೈಯಿಂದ ಅಕೌಂಟ್ಸ್‌ಗೆ, ಅಲ್ಲಿಂದ ಆಡಿಟರ್‌ಗೆ ಹೋಗುತ್ತದೆ. ‘ಡೆಲಿವರಿ ಚಲನ್ ಕಳೆದುಹೋದ ಬಗ್ಗೆ ಚರ್ಚೆ’ ಎಂದು ಬರೆದರೆ ಕೇಸಿನ ಗುಟ್ಟು ಅಷ್ಟೂ ಜನರಿಗೆ ಹೇಳಿದ ಹಾಗೆ. ‘ದಾಖಲೆಗಳ ಬಗ್ಗೆ ಚರ್ಚೆ’ ಸಾಕು.

ಕೈಯಿಂದ ಹಾಕಿದ ಖರ್ಚು

3 ಲಕ್ಷ ಮತ್ತು ಅದಕ್ಕಿಂತ ಜಾಸ್ತಿ ಮೊತ್ತದ ವಾಣಿಜ್ಯ ವ್ಯಾಜ್ಯದಲ್ಲಿ ತುರ್ತು ಪರಿಹಾರ ಕೇಳದಿದ್ದರೆ ದಾವೆಗೆ ಮೊದಲು ಮಧ್ಯಸ್ಥಿಕೆಗೆ ಅರ್ಜಿ ಹಾಕಬೇಕು. ಆ ಅರ್ಜಿಯ ಶುಲ್ಕ 1,000. ಜತೆಗೆ ಸ್ಪೀಡ್ ಪೋಸ್ಟ್ 180, ಜೆರಾಕ್ಸ್ 740, ಪೀಣ್ಯಕ್ಕೆ ಹೋಗಿಬಂದ ಟ್ಯಾಕ್ಸಿ 640. ಒಟ್ಟು 2,560. ಕೊಟ್ಟಷ್ಟೇ ಕೇಳಿ, ಮೇಲೆ ಒಂದು ರೂಪಾಯಿಯನ್ನೂ ಸೇರಿಸಬೇಡಿ. ರಸೀದಿಯ ಪ್ರತಿ ಲಗತ್ತಿಸಿ. ಆಫೀಸಿನ ಕರೆಂಟು, ಗುಮಾಸ್ತರ ಸಂಬಳ ಇಲ್ಲಿ ಬರುವುದಿಲ್ಲ, ಅವು ಗಂಟೆಯ ದರದಲ್ಲೇ ಸೇರಿವೆ.

ಬಿಲ್ಲಿನ ಕೆಳಭಾಗ

ಫೀಸು 24,000. ಮುಂಗಡ 60,000ದಿಂದ ಕಳೆದದ್ದು 24,000. ಫೀಸಿನ ಮುಂಗಡದಲ್ಲಿ ಉಳಿದದ್ದು 36,000.
ಖರ್ಚು 2,560. ಖರ್ಚಿನ ಮುಂಗಡದಲ್ಲಿ ಉಳಿದದ್ದು 17,440.
ಈಗ ಕೊಡಬೇಕಾದದ್ದು: ಏನೂ ಇಲ್ಲ.

ಕೊಡುವುದು ಸೊನ್ನೆ ಇದ್ದರೂ ಬಿಲ್ ಕಳಿಸಲೇಬೇಕು. ಇಲ್ಲದಿದ್ದರೆ ಮುಂಗಡ ಕರಗುತ್ತಿರುವುದು ಅವರಿಗೆ ಗೊತ್ತಾಗುವುದಿಲ್ಲ. ‘ಈ ಮುಂಗಡದ ಮೇಲೆ ಟಿಡಿಎಸ್ ಆಗಲೇ ಕಡಿತವಾಗಿದೆ’ ಎಂದು ಒಂದು ಸಾಲು ಹಾಕಿ. ಹಾಕದಿದ್ದರೆ 24,000ದ ಮೇಲೆ ಮತ್ತೊಮ್ಮೆ ಹಿಡಿಯುವವರಿದ್ದಾರೆ.

ಇನ್ನು ಜಿಎಸ್‌ಟಿ. ವ್ಯಾಪಾರ ಸಂಸ್ಥೆಗೆ ವಕೀಲರು ಕೊಡುವ ಸೇವೆಗೆ ತೆರಿಗೆ ಕಟ್ಟುವುದು ರಿವರ್ಸ್ ಚಾರ್ಜ್ ಪ್ರಕಾರ ಕಕ್ಷಿದಾರರೇ. ವಕೀಲರು ಬಿಲ್ಲಿನಲ್ಲಿ ತೆರಿಗೆ ಸೇರಿಸುವಂತಿಲ್ಲ, ಆ ಮಾತನ್ನು ಬರೆದರೆ ಸಾಕು. ಸಂಸ್ಥೆಯ ವಹಿವಾಟು ನೋಂದಣಿ ಮಿತಿಗಿಂತ ಕಡಿಮೆಯಿದ್ದರೆ ವಿನಾಯಿತಿ ಇದೆ.

ಇದೇ ಬಿಲ್ ನೋಂದಣಿ ಮಾಡಿಸಿರುವ ಮ್ಯಾನೇಜ್‌ಮೆಂಟ್ ಕನ್ಸಲ್ಟೆಂಟ್ ಬರೆದರೆ ಲೆಕ್ಕ ಬೇರೆ. ಅವರು ಶೇ 18 ಹಾಕಬೇಕು. ಸೇವೆಯ ಮುಂಗಡ ಕೈಗೆ ಬಂದಾಗಲೇ ತೆರಿಗೆ ಹೊಣೆ ಹುಟ್ಟುತ್ತದೆ. 60,000 ಪಡೆಯುವಾಗ 10,800 ಜಿಎಸ್‌ಟಿ ಸೇರಿಸಿ ರಿಸೀಟ್ ವೋಚರ್ ಕೊಡಬೇಕು, ಬಿಲ್ ಮಾಡುವಾಗ ಅದನ್ನು ಹೊಂದಿಸಬೇಕು. ಖರ್ಚಿನಲ್ಲೂ ಭೇದವಿದೆ. ಕಕ್ಷಿದಾರರು ಹೇಳಿದ್ದಕ್ಕೆ ಅವರ ಪರವಾಗಿ ಕಟ್ಟಿದ ಸರ್ಕಾರಿ ಶುಲ್ಕವನ್ನು ಪ್ರತ್ಯೇಕವಾಗಿ, ಇದ್ದಷ್ಟೇ ತೋರಿಸಿದರೆ ಅದಕ್ಕೆ ಜಿಎಸ್‌ಟಿ ಬೀಳುವುದಿಲ್ಲ. ಕನ್ಸಲ್ಟೆಂಟ್ ತಾವೇ ಓಡಾಡಿದ ಟ್ಯಾಕ್ಸಿ ಅವರ ಸೇವೆಯ ಭಾಗ, ಅದರ ಮೇಲೂ ಶೇ 18.

ಆಗಸ್ಟಿನ ಪರೀಕ್ಷೆ

ಆಗಸ್ಟಿನಲ್ಲಿ 11 ಗಂಟೆ ಕೆಲಸವಾಯಿತು ಎನ್ನಿ. ಫೀಸು 44,000, ಮುಂಗಡ ಇರುವುದು 36,000. 8,000 ಕಡಿಮೆ. ಪಕ್ಕದಲ್ಲೇ ಖರ್ಚಿನ 17,440 ಕೂತಿದೆ, ಅದರಿಂದ ತೆಗೆದುಕೊಂಡರಾಯಿತು ಅನ್ನಿಸುತ್ತದೆ, ಅಲ್ವಾ? ಕೂಡದು. ಕೇಸು ನಡೆಯುತ್ತಿರುವಾಗ ಖರ್ಚಿನ ಹಣವನ್ನು ಫೀಸಿಗೆ ತಿರುಗಿಸಲು ಕಕ್ಷಿದಾರರ ಲಿಖಿತ ಒಪ್ಪಿಗೆ ಬೇಕು. ಹಾಗಾಗಿ 8,000ಕ್ಕೆ ಬಿಲ್ ಕಳಿಸಿ. ಟಿಡಿಎಸ್ 800 ಹೋಗಿ 7,200 ಬರುತ್ತದೆ. ಮುಂಗಡ 20,000ಕ್ಕೆ ಇಳಿದಾಗ ಮತ್ತೆ ತುಂಬಬೇಕು ಎಂದು ಪತ್ರದಲ್ಲಿ ಮೊದಲೇ ಬರೆದಿದ್ದರೆ ಈ ಇಕ್ಕಟ್ಟೇ ಬರುತ್ತಿರಲಿಲ್ಲ.

ಕೇಸು ಮುಗಿದ ಮೇಲೆ ಉಳಿದ ಖರ್ಚಿನ ಹಣವನ್ನು ಒಪ್ಪಿದ ಫೀಸಿನ ಬಾಕಿಗೆ ಹೊಂದಿಸಿಕೊಳ್ಳಬಹುದು, ಮಿಕ್ಕದ್ದನ್ನು ಹಿಂದಿರುಗಿಸಬೇಕು. ಬಾಕಿ ಬರಲಿಲ್ಲ ಎಂದು ಫೈಲ್ ಹಿಡಿದಿಟ್ಟುಕೊಳ್ಳುವಂತಿಲ್ಲ. ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ 2000ನೇ ಇಸವಿಯಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಫೈಲ್ ಕೊಟ್ಟು, ಬಾಕಿಗೆ ಬೇರೆಯಾಗಿ ದಾವೆ ಹಾಕಬೇಕು. ಆಗ ಕೋರ್ಟಿನ ಮುಂದೆ ಇಡುವುದು ಈ ಬಿಲ್ಲುಗಳನ್ನೇ.